ಐಸಿಡಿ ಶಾಕ್ ಕೊಟ್ಟರೆ ಏನೆಂದು ತಿಳಿಯಬೇಕು?

ಐಸಿಡಿ ಎಂದರೆ ಹೃದಯದ ಲಯ ಅಪಾಯಕಾರಿಯಾಗಿ ವೇಗವಾದಾಗ ಅದನ್ನು ಸರಿಪಡಿಸಲು ಎದೆಯ ಚರ್ಮದಡಿ ಅಳವಡಿಸುವ ಸಣ್ಣ ಯಂತ್ರ. ಅದನ್ನು ಹಾಕಿಸಿಕೊಂಡವರ ಮನೆಯವರು ಮೊದಲು ಕೇಳುವುದು ಅದು ಕೊಡುವ ವಿದ್ಯುತ್ ಶಾಕ್ ಕುರಿತೇ. ಶಾಕ್ ಬಂದರೆ ಹೃದಯ ನಿಂತಿತ್ತೆಂದೂ, ಯಂತ್ರ ಅದನ್ನು ಮತ್ತೆ ಓಡಿಸಿತೆಂದೂ ಹೆಚ್ಚಿನವರು ನಂಬಿದ್ದಾರೆ. ಇದು ಕೆಲವೊಮ್ಮೆ ನಿಜ, ಕೆಲವೊಮ್ಮೆ ಅಲ್ಲ. ಹೃದಯದಲ್ಲಿ ಅತಿವೇಗದ ವಿದ್ಯುತ್ ಸಂಕೇತಗಳಿವೆ ಎಂದು ಯಂತ್ರ ಎಣಿಸಿತು ಎಂಬುದಷ್ಟೇ ಶಾಕ್‌ನಿಂದ ಖಚಿತವಾಗುವ ಸಂಗತಿ. ಆ ಸಂಕೇತಗಳು ನಿಜವಾಗಿ ಎಲ್ಲಿಂದ ಬಂದವು ಎಂಬುದನ್ನು ತಿಳಿಯಲು ಯಂತ್ರದ ನೆನಪಿನಲ್ಲಿ ಉಳಿದಿರುವ ದಾಖಲೆಯನ್ನು ಆಸ್ಪತ್ರೆಯಲ್ಲಿ ತೆರೆದು ನೋಡಬೇಕಾಗುತ್ತದೆ. ರೋಗಿಗೂ ಮನೆಯವರಿಗೂ ಈ ವ್ಯತ್ಯಾಸ ಗೊತ್ತಿದ್ದರೆ ಅನಗತ್ಯ ಭಯ ಕಡಿಮೆಯಾಗುತ್ತದೆ, ಜೊತೆಗೆ ನಿಜವಾದ ಅಪಾಯವನ್ನು ಕಡೆಗಣಿಸುವ ತಪ್ಪೂ ತಪ್ಪುತ್ತದೆ.

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಹಿಡಿದು ಸಾಗೋಣ. ಇದು ಯಾರೊಬ್ಬರ ಕಥೆಯೂ ಅಲ್ಲ. ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಕೂಡಿಸಿ ಕಟ್ಟಿದ್ದು. ರಾಜಾಜಿನಗರದಲ್ಲಿ ಲೇತ್ ಕೆಲಸ ಮಾಡುವ 58 ವರ್ಷದ ಒಬ್ಬರಿದ್ದಾರೆ ಎಂದುಕೊಳ್ಳಿ. ಎರಡು ವರ್ಷಗಳ ಹಿಂದೆ ಅವರಿಗೆ ದೊಡ್ಡ ಹೃದಯಾಘಾತವಾಗಿ, ಎಡಭಾಗದ ಮುಖ್ಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಎಕೋ ಪರೀಕ್ಷೆಯಲ್ಲಿ ಪಂಪಿಂಗ್, ಅಂದರೆ ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ, ಶೇಕಡಾ 28 ಇದೆ; ಆರೋಗ್ಯವಂತರಲ್ಲಿ ಇದು 55ರ ಮೇಲಿರುತ್ತದೆ. ಒಂದು ಮಹಡಿ ಹತ್ತುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತದೆ. ಇಸಿಜಿಯಲ್ಲಿ ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್, ಅಂದರೆ ಹೃದಯದ ಎಡಗಡೆಯ ವಿದ್ಯುತ್ ಹಾದಿಯಲ್ಲಿ ತಡೆ ಇದ್ದು, ಸಂಕೇತ ಹೃತ್ಕುಕ್ಷಿಗಳಲ್ಲಿ ಹರಡಲು ಹಿಡಿಯುವ ಕಾಲವನ್ನು ತೋರಿಸುವ ಕ್ಯೂಆರ್‌ಎಸ್ ಎಂಬ ಅಲೆಯ ಅಗಲ 164 ಮಿಲಿಸೆಕೆಂಡ್ ಇದೆ.

ಇಂಥವರ ಹೃದಯಕ್ಕೆ ಎರಡು ಬೇರೆ ಬೇರೆ ತೊಂದರೆಗಳಿರುತ್ತವೆ, ಆದರೆ ಇವೆರಡನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ. ಮೊದಲನೆಯದು ಹಠಾತ್ ಸಾವಿನ ಅಪಾಯ. ಹೃದಯಾಘಾತವಾದ ಜಾಗದಲ್ಲಿ ಸತ್ತ ಸ್ನಾಯು ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಆ ಕಲೆಯ ನಡುನಡುವೆ ಬದುಕುಳಿದ ತೆಳುವಾದ ಎಳೆಗಳಲ್ಲಿ ವಿದ್ಯುತ್ ಸಂಕೇತ ನಿಧಾನವಾಗಿ ಸಾಗಿ, ಹೊರಬಂದು, ಮತ್ತೆ ಅದೇ ದಾರಿಗೆ ನುಗ್ಗಿ ಸುತ್ತತೊಡಗಿದರೆ ಹೃತ್ಕುಕ್ಷಿ ನಿಮಿಷಕ್ಕೆ 180, 200 ಬಾರಿ ಬಡಿಯುತ್ತದೆ. ಇದಕ್ಕೆ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಎನ್ನುತ್ತಾರೆ. ಅದು ಮತ್ತಷ್ಟು ಕೆಟ್ಟು ಫಿಬ್ರಿಲೇಷನ್ ಆದರೆ ಹೃದಯ ಬರೀ ಅದುರುತ್ತದೆ, ರಕ್ತ ಮುಂದಕ್ಕೆ ಹೋಗುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಸಾವು ಬರುತ್ತದೆ. ಎರಡನೆಯ ತೊಂದರೆ ತಾಳ ತಪ್ಪಿದ ಪಂಪಿಂಗ್. ಎಡಗಡೆಯ ವಿದ್ಯುತ್ ಹಾದಿ ಕಟ್ಟಿಕೊಂಡಿರುವುದರಿಂದ ಸಂಕೇತ ಬಲಭಾಗವನ್ನು ಮೊದಲು ಮುಟ್ಟಿ, ಸ್ನಾಯುವಿನಿಂದ ಸ್ನಾಯುವಿಗೆ ನಿಧಾನವಾಗಿ ಹಾಯ್ದು ಎಡಭಾಗದ ಹೊರಗೋಡೆಯನ್ನು ತಡವಾಗಿ ತಲುಪುತ್ತದೆ. ನಡುಗೋಡೆ ಕುಗ್ಗುವಾಗ ಹೊರಗೋಡೆ ಸುಮ್ಮನಿರುತ್ತದೆ, ಹೊರಗೋಡೆ ಕುಗ್ಗುವ ಹೊತ್ತಿಗೆ ನಡುಗೋಡೆ ಸಡಿಲವಾಗಿರುತ್ತದೆ. ಮೊದಲೇ ದುರ್ಬಲವಾದ ಹೃದಯದ ಶಕ್ತಿಯಲ್ಲಿ ಒಂದು ಪಾಲು ಹೀಗೆ ಒಳಗೊಳಗೇ ವ್ಯರ್ಥವಾಗುತ್ತದೆ.

ಐಸಿಡಿ ಮೊದಲನೆಯ ತೊಂದರೆಗೆ ಮಾತ್ರ. ಮಿಶೆಲ್ ಮಿರೋವ್ಸ್ಕಿ ಎಂಬ ವೈದ್ಯರು ಕಲ್ಪಿಸಿದ ಈ ಯಂತ್ರವನ್ನು 1980ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯರೊಬ್ಬರಿಗೆ ಅಳವಡಿಸಲಾಯಿತು. ಅದು ಸದಾ ಬಡಿತ ಎಣಿಸುತ್ತ ಕುಳಿತಿರುತ್ತದೆ, ಬೇಕಾದಾಗ ಮಾತ್ರ ಕೆಲಸ ಮಾಡುತ್ತದೆ. ಅದರಿಂದ ಏದುಸಿರು ಕಡಿಮೆಯಾಗುವುದಿಲ್ಲ, ಪಂಪಿಂಗ್ ಹೆಚ್ಚುವುದೂ ಇಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿದ ಮೇಲೂ ಸುಸ್ತು ಹಾಗೆಯೇ ಇದೆ ಎಂದು ಬೇಸರಪಡುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಎರಡನೆಯ ತೊಂದರೆಗೆ ಇರುವುದು ಸಿಆರ್‌ಟಿ, ಅಂದರೆ ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಬಡಿಸುವ ಪೇಸಿಂಗ್. ಇದರಲ್ಲಿ ಬಲ ಹೃತ್ಕರ್ಣಕ್ಕೊಂದು, ಬಲ ಹೃತ್ಕುಕ್ಷಿಗೊಂದು ಲೀಡ್ ಎಂಬ ತಂತಿ ಹೋದರೆ, ಮೂರನೆಯದು ಕೊರೊನರಿ ಸೈನಸ್ ಎಂಬ ರಕ್ತನಾಳದ ಮೂಲಕ ಹೃದಯದ ಹಿಂಬದಿಗೆ ಸುತ್ತಿ ಎಡ ಹೃತ್ಕುಕ್ಷಿಯ ಹೊರಮೈ ತಲುಪುತ್ತದೆ. ಸಿಆರ್‌ಟಿ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ, ಪ್ರತಿ ಬಡಿತಕ್ಕೂ ಕೆಲಸ ಮಾಡುತ್ತಿರಬೇಕು. ಎರಡೂ ಸೌಲಭ್ಯಗಳಿರುವ ಯಂತ್ರಕ್ಕೆ ಸಿಆರ್‌ಟಿ-ಡಿ ಎಂದೂ, ಶಾಕ್ ಇಲ್ಲದ್ದಕ್ಕೆ ಸಿಆರ್‌ಟಿ-ಪಿ ಎಂದೂ ಹೆಸರು.

ಯಾರಿಗೆ ಇವುಗಳಿಂದ ಪ್ರಯೋಜನ? ಒಮ್ಮೆ ಹೃದಯ ಸ್ತಂಭನವಾಗಿ ಬದುಕಿದವರಿಗೆ, ಅಥವಾ ಅಪಾಯಕಾರಿ ಟ್ಯಾಕಿಕಾರ್ಡಿಯಾದಿಂದ ಪ್ರಜ್ಞೆ ತಪ್ಪಿದವರಿಗೆ, ಅದಕ್ಕೆ ಸರಿಪಡಿಸಬಲ್ಲ ತಾತ್ಕಾಲಿಕ ಕಾರಣವಿಲ್ಲದಿದ್ದರೆ, ಐಸಿಡಿಯ ಅಗತ್ಯದ ಬಗ್ಗೆ ಹೆಚ್ಚು ಚರ್ಚೆಯಿಲ್ಲ. ಇನ್ನೂ ಏನೂ ಆಗದವರ ವಿಷಯದಲ್ಲಿ ತೀರ್ಮಾನ ನಾಜೂಕಿನದು. ಹಳೆಯ ಹೃದಯಾಘಾತವಿದ್ದು ಪಂಪಿಂಗ್ ಶೇಕಡಾ 30 ಅಥವಾ ಅದಕ್ಕಿಂತ ಕಡಿಮೆ ಇದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಡಿಟ್-2 ಅಧ್ಯಯನದಲ್ಲಿ, ಸರಾಸರಿ 20 ತಿಂಗಳಲ್ಲಿ ಐಸಿಡಿ ಇಲ್ಲದ ನೂರು ಜನರಲ್ಲಿ ಸುಮಾರು 20 ಜನ ತೀರಿಕೊಂಡರೆ ಐಸಿಡಿ ಇದ್ದ ನೂರರಲ್ಲಿ ಸುಮಾರು 14 ಜನ ತೀರಿಕೊಂಡರು. ಲಾಭ ನಿಜವಾದದ್ದು, ಆದರೆ ಅದು ಎಲ್ಲರಿಗೂ ಸಿಗುವಂಥದ್ದಲ್ಲ ಎಂಬುದನ್ನೂ ಇದೇ ಅಂಕಿಗಳು ಹೇಳುತ್ತವೆ. ಹೃದಯಾಘಾತಕ್ಕೆ ಸಂಬಂಧವಿಲ್ಲದೆ ಸ್ನಾಯುವೇ ದುರ್ಬಲವಾದವರಲ್ಲಿ ಲಾಭ ಇಷ್ಟು ಸ್ಪಷ್ಟವಾಗಿಲ್ಲ. 2016ರ ಡ್ಯಾನಿಶ್ ಅಧ್ಯಯನದಲ್ಲಿ ಅಂಥವರ ಒಟ್ಟು ಸಾವಿನ ಪ್ರಮಾಣ ಐಸಿಡಿಯಿಂದ ಗಮನಾರ್ಹವಾಗಿ ಇಳಿಯಲಿಲ್ಲ, ಕಡಿಮೆ ವಯಸ್ಸಿನವರಲ್ಲಿ ಮಾತ್ರ ಲಾಭ ಕಂಡಿತು.

ಅವಸರವೂ ಇಲ್ಲಿ ಸಲ್ಲದು. ಹೃದಯಾಘಾತವಾದ ಮೊದಲ 40 ದಿನಗಳಲ್ಲಿ ಮುನ್ನೆಚ್ಚರಿಕೆಗಾಗಿ ಐಸಿಡಿ ಹಾಕಿದರೆ ಒಟ್ಟು ಸಾವು ಕಡಿಮೆಯಾಗುವುದಿಲ್ಲ ಎಂದು 2004ರಲ್ಲಿ ಪ್ರಕಟವಾದ ಡೈನಮಿಟ್ ಅಧ್ಯಯನ ತೋರಿಸಿದೆ. ಹೃದಯ ವೈಫಲ್ಯಕ್ಕೆ ಇಂದು ಕೊಡುವ ನಾಲ್ಕು ಬಗೆಯ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕನಿಷ್ಠ ಮೂರು ತಿಂಗಳು ತೆಗೆದುಕೊಂಡ ಮೇಲೆ ಮತ್ತೆ ಎಕೋ ಮಾಡಿದಾಗ, ಕೆಲವರ ಪಂಪಿಂಗ್ 35ನ್ನು ದಾಟಿ ಯಂತ್ರದ ಅಗತ್ಯವೇ ಇಲ್ಲವಾಗುತ್ತದೆ. ಬೇರೆ ಕಾಯಿಲೆಯಿಂದ ಒಂದು ವರ್ಷವೂ ಬದುಕುವ ನಿರೀಕ್ಷೆಯಿಲ್ಲದವರಿಗೆ ಐಸಿಡಿ ಹಾಕುವುದು ಸರಿಯಲ್ಲ.

ಸಿಆರ್‌ಟಿಯ ಲೆಕ್ಕ ಬೇರೆ. ಅಲ್ಲಿ ಪಂಪಿಂಗ್ ಎಷ್ಟಿದೆ ಎಂಬುದರ ಜೊತೆಗೆ ಇಸಿಜಿ ಏನು ಹೇಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಪಂಪಿಂಗ್ 35 ಅಥವಾ ಕಡಿಮೆ, ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್, ಕ್ಯೂಆರ್‌ಎಸ್ 150 ಮಿಲಿಸೆಕೆಂಡ್ ಅಥವಾ ಹೆಚ್ಚು, ಔಷಧ ತೆಗೆದುಕೊಂಡರೂ ಉಳಿದಿರುವ ಏದುಸಿರು, ಇವೆಲ್ಲ ಕೂಡಿದವರಿಗೆ ಅತಿ ಹೆಚ್ಚು ಪ್ರಯೋಜನ. ಹೆಂಗಸರಲ್ಲಿ ಫಲಿತಾಂಶ ಇನ್ನೂ ಚೆನ್ನಾಗಿರುವುದು ಕಂಡುಬಂದಿದೆ. ಕ್ಯೂಆರ್‌ಎಸ್ 130ಕ್ಕಿಂತ ಕಿರಿದಾಗಿದ್ದರೆ ಪಂಪಿಂಗ್ ಎಷ್ಟೇ ಕಡಿಮೆ ಇದ್ದರೂ ಸಿಆರ್‌ಟಿ ಬೇಡ; ಅಂಥವರಲ್ಲಿ ಅದು ಹಾನಿಯನ್ನೇ ಮಾಡಬಹುದು ಎಂದು 2013ರ ಎಕೋ-ಸಿಆರ್‌ಟಿ ಅಧ್ಯಯನದಿಂದ ತಿಳಿದುಬಂದಿತು. ಸರಿಯಾಗಿ ಆಯ್ದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ನಿರೀಕ್ಷಿಸಿದಷ್ಟು ಗುಣ ಕಾಣುವುದಿಲ್ಲ. ನಮ್ಮ ರಾಜಾಜಿನಗರದವರಿಗೆ ಎರಡೂ ಅಗತ್ಯಗಳಿದ್ದವು. ಔಷಧದ ಮೇಲೂ ಪಂಪಿಂಗ್ 30ರಲ್ಲೇ ನಿಂತದ್ದರಿಂದ ಅವರಿಗೆ ಎಡ ಭುಜದ ಹತ್ತಿರ, ಕೊರಳ ಮೂಳೆಯ ಕೆಳಗೆ, ಸಿಆರ್‌ಟಿ-ಡಿ ಅಳವಡಿಸಿದರು.

ಈಗ ಶಾಕ್‌ನ ವಿಷಯ. ಯಂತ್ರಕ್ಕೆ ಹೃದಯ ಕಾಣಿಸುವುದಿಲ್ಲ. ಲೀಡ್‌ನ ತುದಿಯಲ್ಲಿ ಸಿಗುವ ಸಂಕೇತಗಳ ನಡುವಿನ ಅಂತರವನ್ನು ಅದು ಅಳೆಯುತ್ತದೆ, ಜೊತೆಗೆ ಸಂಕೇತದ ಆಕಾರವನ್ನು ಒಂದಿಷ್ಟು ಹೋಲಿಸಿ ನೋಡುತ್ತದೆ. ಇವರ ಯಂತ್ರದಲ್ಲಿ ನಿಮಿಷಕ್ಕೆ 188ರ ಮೇಲೆ ಒಂದು ಹಂತ, 220ರ ಮೇಲೆ ಇನ್ನೊಂದು ಹಂತ ನಿಗದಿಯಾಗಿತ್ತು ಎನ್ನೋಣ. ಮೊದಲ ಹಂತದ ವೇಗ ಕಂಡಾಗ ಯಂತ್ರ ನೇರವಾಗಿ ಶಾಕ್ ಕೊಡುವುದಿಲ್ಲ. ಟ್ಯಾಕಿಕಾರ್ಡಿಯಾಕ್ಕಿಂತ ತುಸು ವೇಗವಾಗಿ, ಸಾಮಾನ್ಯವಾಗಿ ಎಂಟು ಸಣ್ಣ ಪೇಸಿಂಗ್ ಮಿಡಿತಗಳನ್ನು ಕೊಟ್ಟು, ಸುತ್ತುತ್ತಿರುವ ಸಂಕೇತದ ದಾರಿಯಲ್ಲಿ ಅಡ್ಡ ನಿಲ್ಲಿಸಿ ಅದನ್ನು ಆರಿಸಲು ನೋಡುತ್ತದೆ. ಹೆಚ್ಚಿನ ಸಲ ಇದರಿಂದಲೇ ಲಯ ಸರಿಹೋಗುತ್ತದೆ, ನೋವಾಗುವುದಿಲ್ಲ. ಇವರಿಗೂ ನಾಲ್ಕನೆಯ ತಿಂಗಳಲ್ಲಿ ನಿಮಿಷಕ್ಕೆ 196ರ ವೇಗದ ಟ್ಯಾಕಿಕಾರ್ಡಿಯಾ ಬಂದು ಹೋಗಿತ್ತು. ಅರೆಕ್ಷಣ ಎದೆ ಡವಡವ ಎಂದದ್ದು ಬಿಟ್ಟರೆ ಅವರಿಗೇನೂ ತಿಳಿದಿರಲಿಲ್ಲ. ತಪಾಸಣೆಗೆ ಹೋದಾಗ ಯಂತ್ರದ ದಾಖಲೆಯಲ್ಲಿ ಅದು ಕಂಡಿತು.

ಈ ಸಣ್ಣ ಮಿಡಿತಗಳು ಫಲಿಸದಿದ್ದರೆ, ಅಥವಾ ವೇಗ ಫಿಬ್ರಿಲೇಷನ್ ಹಂತದ್ದಾಗಿದ್ದರೆ, ಯಂತ್ರ ಕೆಲವು ಸೆಕೆಂಡ್‌ಗಳಲ್ಲಿ ಶಕ್ತಿ ತುಂಬಿಕೊಂಡು ಇನ್ನೊಮ್ಮೆ ಖಚಿತಪಡಿಸಿಕೊಂಡು 35ರಿಂದ 40 ಜೂಲ್‌ವರೆಗಿನ ಶಾಕ್ ಕೊಡುತ್ತದೆ. ಎಚ್ಚರವಿದ್ದವರಿಗೆ ಅದು ಎದೆಗೆ ಯಾರೋ ಬಲವಾಗಿ ಒದ್ದ ಹಾಗಿರುತ್ತದೆ. ಆ ಹೊತ್ತಿಗೆ ಮುಟ್ಟಿಕೊಂಡಿದ್ದವರಿಗೆ ಸಣ್ಣಗೆ ಜುಮ್ಮೆನ್ನಬಹುದೇ ಹೊರತು ಅಪಾಯವಿಲ್ಲ. ಬಿದ್ದವರನ್ನು ಹಿಡಿಯಲು ಹೆದರಿ ದೂರ ನಿಲ್ಲಬೇಕಾಗಿಲ್ಲ.

ಎಂಟನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಸ್ನಾನ ಮಾಡುತ್ತಿದ್ದಾಗ ಇವರಿಗೆ ಒಂದರ ಹಿಂದೆ ಒಂದು ಎರಡು ಶಾಕ್ ಬಂದವು. ಕೂಗು ಕೇಳಿ ಹೆಂಡತಿ ಬಾಗಿಲು ತಳ್ಳಿ ಹೊರಗೆ ಕರೆತಂದ ಮೇಲೆ ಮತ್ತೆ ಬರಲಿಲ್ಲ. ಎರಡು ಶಾಕ್ ಆದದ್ದರಿಂದ ಮನೆಯವರು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ದರು, ಅದು ಸರಿಯಾದ ನಿರ್ಧಾರ. ಅಲ್ಲಿ ವೈದ್ಯರು ಮೊದಲು ಕೇಳಿದ ಪ್ರಶ್ನೆ ಇದು: “ಶಾಕ್ ಹೊಡೆಯುವ ಮುಂಚೆ ತಲೆ ಸುತ್ತಿತಾ, ಕಣ್ಣು ಕತ್ತಲೆ ಬಂತಾ?” ಎರಡೂ ಆಗಿರಲಿಲ್ಲ. ಚೆನ್ನಾಗಿಯೇ ನಿಂತು ನಲ್ಲಿ ತಿರುಗಿಸುತ್ತಿದ್ದರು ಅಷ್ಟೆ.

ಪ್ರೋಗ್ರಾಮರ್ ಎಂಬ ಕಂಪ್ಯೂಟರ್‌ನ ಸಂಪರ್ಕ ತುದಿಯನ್ನು ಎದೆಯ ಮೇಲಿಟ್ಟು ಆ ಹೊತ್ತಿನ ದಾಖಲೆಯನ್ನು ತೆರೆದಾಗ ಎರಡು ಸಾಲುಗಳ ಚಿತ್ರ ಕಂಡಿತು. ಒಂದು ಸಾಲು ಲೀಡ್‌ನ ತುದಿಯದು, ಇನ್ನೊಂದು ಶಾಕ್ ಕೊಡುವ ಸುರುಳಿಗೂ ಯಂತ್ರದ ಪೆಟ್ಟಿಗೆಗೂ ನಡುವಿನದು. ಎರಡರಲ್ಲೂ ಒಮ್ಮೆಲೇ ಶುರುವಾಗಿ ಒಮ್ಮೆಲೇ ನಿಂತ, ಒಂದೇ ಸಮನಾದ ಒತ್ತೊತ್ತಾದ ಗೆರೆಗಳಿದ್ದವು. ಆ ಗೆರೆಗಳ ನಡುವೆ ನಿಮಿಷಕ್ಕೆ 78ರಂತೆ ಶಾಂತವಾಗಿ ಸಾಗುತ್ತಿದ್ದ ಹೃದಯದ ನಿಜವಾದ ಬಡಿತವೂ ಗುರುತು ಸಿಗುವಂತಿತ್ತು. ಒತ್ತು ಗೆರೆಗಳ ನಡುವಿನ ಅಂತರ 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 50 ಬಾರಿ. ನಮ್ಮ ಮನೆಗಳಿಗೆ ಬರುವ ಕರೆಂಟಿನ ಲೆಕ್ಕವೂ ಅದೇ. ಗೀಸರ್‌ನಿಂದ ಸೋರಿದ ಕರೆಂಟು ನೀರಿನ ಮೂಲಕ ದೇಹಕ್ಕೆ ಹರಿದಿತ್ತು. ಕೈಗೆ ಜುಮ್ಮೆನ್ನದಷ್ಟು ಸಣ್ಣ ಸೋರಿಕೆಯೂ ಹೃದಯದ ಮಿಲಿವೋಲ್ಟ್ ಸಂಕೇತ ಹಿಡಿಯಲೆಂದೇ ಮಾಡಿದ ಯಂತ್ರಕ್ಕೆ ದೊಡ್ಡದಾಗಿ ಕೇಳಿಸುತ್ತದೆ. ಅದು ಇದನ್ನು ಫಿಬ್ರಿಲೇಷನ್ ಎಂದು ಎಣಿಸಿ ಶಾಕ್ ಕೊಟ್ಟಿತ್ತು. ಮನೆಗೆ ಎಲೆಕ್ಟ್ರಿಷಿಯನ್ ಕರೆಸಿದಾಗ ಗೀಸರ್‌ನ ಕಾಯಿಲ್ ಸೋರುತ್ತಿದ್ದುದೂ, ಪ್ಲಗ್ಗಿನ ಅರ್ಥಿಂಗ್ ತಂತಿಯನ್ನು ಎಲ್ಲಿಗೂ ಜೋಡಿಸದೆ ಬಿಟ್ಟಿದ್ದುದೂ ಗೊತ್ತಾಯಿತು. ಗೀಸರ್ ಬದಲಿಸಿ, ಅರ್ಥಿಂಗ್ ಸರಿಪಡಿಸಿ, 30 ಮಿಲಿಆಂಪಿಯರ್ ಸೋರಿಕೆಗೆ ಕರೆಂಟು ಕಡಿತಗೊಳಿಸುವ ಆರ್‌ಸಿಸಿಬಿ ಹಾಕಿಸಿದರು. ಐಸಿಡಿ ಇರುವವರ ಮನೆಯಲ್ಲಿ ಗೀಸರ್, ವಾಷಿಂಗ್ ಮೆಷಿನ್, ಬೋರ್‌ವೆಲ್ ಮೋಟಾರುಗಳ ಅರ್ಥಿಂಗನ್ನು ಪರೀಕ್ಷಿಸಿಡುವುದು ಮೊಬೈಲಿನ ಬಗ್ಗೆ ಹೆದರುವುದಕ್ಕಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆರ್‌ಸಿಸಿಬಿ ಒಂದೇ ಸಾಲದು ಎಂಬುದನ್ನೂ ಸೇರಿಸಬೇಕು. ಅದು ಟ್ರಿಪ್ ಆಗದಷ್ಟು ಸಣ್ಣ ಸೋರಿಕೆಯೂ ಯಂತ್ರವನ್ನು ಮೋಸಗೊಳಿಸಬಲ್ಲದು, ಆದ್ದರಿಂದ ಅರ್ಥಿಂಗ್ ಗಟ್ಟಿಯಾಗಿರಲೇಬೇಕು.

ಅದೇ ದಾಖಲೆ ಬೇರೆ ರೀತಿ ಇದ್ದಿದ್ದರೆ ಚಿಕಿತ್ಸೆಯೂ ಬೇರೆಯಾಗುತ್ತಿತ್ತು. ಗೊಂದಲದ ಗೆರೆಗಳು ಲೀಡ್ ತುದಿಯ ಸಾಲಿನಲ್ಲಿ ಮಾತ್ರ ಇದ್ದು, ಕೈ ಎತ್ತಿದಾಗ ಹೆಚ್ಚಾಗಿ, ಲೀಡ್‌ನ ವಿದ್ಯುತ್ ಪ್ರತಿರೋಧದ ಅಳತೆ ಹಠಾತ್ತನೆ ಏರಿದ್ದರೆ, ಲೀಡ್ ಒಳಗೆ ಮುರಿದಿದೆ ಎಂಬ ಸಂಶಯ ಬಲವಾಗುತ್ತದೆ. ಆಗ ಅದನ್ನು ಬದಲಿಸಬೇಕು. ಮೇಲಿನ ಕೋಣೆಗಳಲ್ಲಿ ಹುಟ್ಟುವ ಏಟ್ರಿಯಲ್ ಫಿಬ್ರಿಲೇಷನ್ ಕೆಳಗಿನ ಕೋಣೆಗಳನ್ನು ವೇಗವಾಗಿ ಓಡಿಸಿ ತಪ್ಪು ಶಾಕ್ ತರಿಸುವುದು ಇನ್ನೂ ಸಾಮಾನ್ಯ. ಸಿಆರ್‌ಟಿ ಇದ್ದವರಲ್ಲಿ ಅದರಿಂದ ಇನ್ನೊಂದು ನಷ್ಟವೂ ಇದೆ. ಹೃದಯ ತಾನೇ ವೇಗವಾಗಿ ಬಡಿದಾಗ ಯಂತ್ರಕ್ಕೆ ಎರಡೂ ಬದಿಯನ್ನು ಒಟ್ಟಿಗೆ ಬಡಿಸುವ ಅವಕಾಶ ಸಿಗುವುದಿಲ್ಲ. ಪೇಸಿಂಗ್ ಶೇಕಡಾ 98ರ ಆಸುಪಾಸಿನಲ್ಲಿರಬೇಕಾದ್ದು 80ಕ್ಕೆ ಇಳಿದರೆ ಹೋಗಿದ್ದ ಏದುಸಿರು ಮರಳುತ್ತದೆ. ಹಾಗಾಗಿ ಸಿಆರ್‌ಟಿ ಇದ್ದವರು ಪ್ರತಿ ತಪಾಸಣೆಯಲ್ಲೂ ಈ ಶೇಕಡಾವಾರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಊಟ ಮಾಡುವಾಗಲೋ ಎಡಕ್ಕೆ ಮಲಗಿದಾಗಲೋ ಬಿಕ್ಕಳಿಕೆ ಬಂದಂತೆ ಹೊಟ್ಟೆ ಮೇಲಿಂದ ಮೇಲೆ ಕುಪ್ಪಳಿಸಿದರೆ, ಎಡ ಲೀಡ್‌ನ ಮಿಡಿತ ವಪೆಯ ನರವನ್ನೂ ಕೆರಳಿಸುತ್ತಿರಬಹುದು. ಬಹುಪಾಲು ಪ್ರೋಗ್ರಾಮರ್‌ನಿಂದಲೇ ಅದನ್ನು ಸರಿಪಡಿಸಬಹುದು.

ಶಾಕ್ ಸರಿಯಾದ ಕಾರಣಕ್ಕೇ ಬಂದಿದ್ದರೆ ಯಂತ್ರ ಜೀವ ಉಳಿಸಿದೆ ನಿಜ, ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅದು ಈಗೇಕೆ ಬಂತು ಎಂದು ಹುಡುಕಬೇಕು. ಭೇದಿಯಿಂದಲೋ ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೋ ಪೊಟ್ಯಾಸಿಯಂ ಇಳಿದಿರಬಹುದು, ಬೀಟಾ ಬ್ಲಾಕರ್ ಮಾತ್ರೆ ಕೆಲವು ದಿನ ತಪ್ಪಿರಬಹುದು, ರಕ್ತನಾಳ ಮತ್ತೆ ಕಟ್ಟಿರಬಹುದು, ಹೃದಯ ವೈಫಲ್ಯವೇ ಉಲ್ಬಣಿಸಿರಬಹುದು. ಒಂದು ಶಾಕ್ ಬಂದು ಬಳಿಕ ಪೂರ್ತಿ ಆರಾಮವಾಗಿದ್ದರೆ ಅದೇ ದಿನ ಆಸ್ಪತ್ರೆಗೆ ತಿಳಿಸಿದರೆ ಸಾಕು. ಎರಡು ಅಥವಾ ಹೆಚ್ಚು ಬಂದರೆ, ಇಲ್ಲವೇ ಒಂದೇ ಬಂದಿದ್ದರೂ ಎದೆನೋವು, ಉಸಿರಾಟದ ಕಷ್ಟ, ಪ್ರಜ್ಞೆ ತಪ್ಪುವಿಕೆ ಇದ್ದರೆ ತಕ್ಷಣ ಆಂಬುಲೆನ್ಸ್ ಕರೆಸಬೇಕು. ಶಾಕ್ ಕೊಟ್ಟ ಮೇಲೂ ಎಚ್ಚರ ಬಾರದೆ, ಸಹಜವಾಗಿ ಉಸಿರಾಡದಿದ್ದರೆ ಯಂತ್ರವಿದೆ ಎಂದು ಕಾಯದೆ ಎದೆ ಒತ್ತಲು ಶುರು ಮಾಡಬೇಕು. ಒಂದು ದಿನದಲ್ಲಿ ಮೂರು ಅಥವಾ ಹೆಚ್ಚು ಬಾರಿ ಪ್ರತ್ಯೇಕವಾಗಿ ಲಯ ಕೆಡುವುದನ್ನು ವಿದ್ಯುತ್ ಬಿರುಗಾಳಿ ಎಂದು ಕರೆಯುತ್ತಾರೆ. ಅದಕ್ಕೆ ತೀವ್ರ ನಿಗಾ ಘಟಕವೇ ಬೇಕು, ಕೆಲವರಿಗೆ ಕಲೆಯೊಳಗಿನ ಆ ದಾರಿಯನ್ನೇ ಸುಡುವ ಅಬ್ಲೇಷನ್ ಮಾಡಬೇಕಾಗುತ್ತದೆ.

ಎರಡು ಶಾಕ್ ತಿಂದವರು ಆಮೇಲೆ ಬಚ್ಚಲಿಗೆ ಹೋಗಲೂ ಹೆದರುವುದು ಸಹಜ. ಕೆಲವರು ನಡುರಾತ್ರಿ ಶಾಕ್ ಬಂತೆಂದು ಬೆಚ್ಚಿಬಿದ್ದು ಏಳುತ್ತಾರೆ, ದಾಖಲೆಯಲ್ಲಿ ಏನೂ ಇರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಇದು ವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ಸಂಗತಿ, ಮನೋವೈದ್ಯರ ನೆರವಿನಿಂದ ಕಡಿಮೆಯಾಗುತ್ತದೆ. ಆ ರಾತ್ರಿಯ ದಾಖಲೆ ಖಾಲಿ ಇರುವುದನ್ನು ಅವರಿಗೇ ತೋರಿಸುವುದೂ ಸಹಾಯವಾಗುತ್ತದೆ.

ದಿನನಿತ್ಯದ ಬದುಕಿನಲ್ಲಿ ನಿರ್ಬಂಧಗಳು ಜನ ಅಂದುಕೊಂಡಷ್ಟಿಲ್ಲ. ಮೊದಲ ನಾಲ್ಕರಿಂದ ಆರು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಆದರೆ ಕೈ ಆಡಿಸದೆ ಕಟ್ಟಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ಹೊಲಿಗೆಯ ಜಾಗ ಕೆಂಪಾದರೆ, ಊದಿದರೆ, ಅಲ್ಲಿಂದ ನೀರು ಸೋರಿದರೆ ಆ ದಿನವೇ ತೋರಿಸಬೇಕು. ಸೋಂಕು ಲೀಡ್ ಹಿಡಿದು ಹೃದಯದೊಳಗೆ ಇಳಿಯಬಲ್ಲದು. ಮೊಬೈಲನ್ನು ಎಡ ಜೇಬಿನಲ್ಲಿಡದೆ ಯಂತ್ರದಿಂದ 15 ಸೆಂಟಿಮೀಟರ್ ದೂರವಿಟ್ಟು ಬಲಗಿವಿಗೆ ಹಿಡಿದರಾಯಿತು. ಹಿಂಬದಿಯಲ್ಲಿ ಅಯಸ್ಕಾಂತವಿರುವ ಫೋನುಗಳ ವಿಷಯದಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಏಕೆಂದರೆ ಅಯಸ್ಕಾಂತ ಹತ್ತಿರವಿರುವಷ್ಟು ಹೊತ್ತು ಐಸಿಡಿ ಶಾಕ್ ಕೊಡುವ ಕೆಲಸ ನಿಲ್ಲಿಸುತ್ತದೆ, ಪೇಸಿಂಗ್ ಮುಂದುವರಿಯುತ್ತದೆ. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಲ್ಲಬೇಕು. ನಮ್ಮ ಮೆಟ್ರೊ ನಿಲ್ದಾಣದ ಲೋಹಶೋಧಕ ಚೌಕಟ್ಟಿನಲ್ಲಿ ನಿಲ್ಲದೆ ಸಹಜ ನಡಿಗೆಯಲ್ಲಿ ದಾಟಬಹುದು. ಯಂತ್ರದ ಕಾರ್ಡ್ ತೋರಿಸಿ, ಕೈಯಲ್ಲಿ ಹಿಡಿಯುವ ಶೋಧಕವನ್ನು ಎದೆಯ ಮೇಲೆ ಹಿಡಿಯದಂತೆ ಸಿಬ್ಬಂದಿಗೆ ಹೇಳಬೇಕು. ಲೇತ್ ಕೆಲಸಕ್ಕೆ ಹೋಗುವ ನಮ್ಮವರಿಗೆ ಮುಖ್ಯವಾದ ಪ್ರಶ್ನೆ ಪಕ್ಕದಲ್ಲಿ ನಡೆಯುವ ಆರ್ಕ್ ವೆಲ್ಡಿಂಗ್. ತಾವೇ ವೆಲ್ಡಿಂಗ್ ಮಾಡುವುದನ್ನು ಬಿಡುವುದು ಕ್ಷೇಮ, ಉಳಿದ ಕೆಲಸವನ್ನು ವೈದ್ಯರೊಡನೆ ಮಾತಾಡಿ ಮುಂದುವರಿಸಬಹುದು. ಶಾಕ್ ಬಂದ ಮೇಲೆ ಕೆಲವು ತಿಂಗಳು ವಾಹನ ಓಡಿಸಬಾರದು, ಎಷ್ಟು ಕಾಲ ಎಂಬುದನ್ನು ಕಾರಣ ನೋಡಿ ವೈದ್ಯರು ಹೇಳುತ್ತಾರೆ. ಬಸ್ಸು, ಲಾರಿ, ಟ್ಯಾಕ್ಸಿ ಓಡಿಸುವ ವೃತ್ತಿಯನ್ನು ಮಾತ್ರ ಐಸಿಡಿ ಇದ್ದವರು ಬಿಡಲೇಬೇಕಾಗುತ್ತದೆ ಎಂಬುದು ಸಾಮಾನ್ಯ ಸಲಹೆ. ಕುಟುಂಬದ ದುಡಿಮೆಯೇ ಅದಾಗಿದ್ದರೆ ಯಂತ್ರ ಹಾಕಿಸುವ ಮುಂಚೆಯೇ ಈ ಮಾತು ಆಗಬೇಕು.

ಸಿಆರ್‌ಟಿ-ಡಿ ಪ್ರತಿ ಬಡಿತಕ್ಕೂ ದುಡಿಯುವುದರಿಂದ ಅದರ ಬ್ಯಾಟರಿ ಬರೀ ಐಸಿಡಿಯದಕ್ಕಿಂತ ಬೇಗ ಮುಗಿಯುತ್ತದೆ. ಆಗ ಪೆಟ್ಟಿಗೆಯನ್ನಷ್ಟೇ ಬದಲಿಸಿ ಹಳೆಯ ಲೀಡ್‌ಗಳನ್ನು ಉಳಿಸಿಕೊಳ್ಳುತ್ತಾರೆ. ಆ ಹೊತ್ತಿಗೆ ಪಂಪಿಂಗ್ ಚೆನ್ನಾಗಿ ಸುಧಾರಿಸಿ ಒಮ್ಮೆಯೂ ಶಾಕ್ ಬೇಕಾಗಿಲ್ಲದಿದ್ದರೆ, ಶಾಕ್ ಇಲ್ಲದ ಸಿಆರ್‌ಟಿ-ಪಿ ಸಾಕೇ ಎಂದು ಕೇಳುವ ಹಕ್ಕು ರೋಗಿಗಿದೆ. ಬೇರೆ ಕಾಯಿಲೆಯಿಂದ ಕೊನೆಯ ದಿನಗಳಲ್ಲಿರುವವರಿಗೆ ಶಾಕ್ ನೋವು ಕೊಡುವುದೇ ಹೊರತು ಉಪಕಾರ ಮಾಡುವುದಿಲ್ಲ. ಪೇಸಿಂಗ್ ಉಳಿಸಿಕೊಂಡು ಶಾಕ್ ಒಂದನ್ನೇ ಪ್ರೋಗ್ರಾಮರ್‌ನಿಂದ ನಿಲ್ಲಿಸಲು ಕೆಲವೇ ನಿಮಿಷ ಸಾಕು, ಅದರಿಂದ ಸಾವು ಬೇಗ ಬರುವುದಿಲ್ಲ. ರೋಗಿಗೆ ಮಾತಾಡುವ ಶಕ್ತಿಯಿರುವಾಗಲೇ ಅವರ ಇಚ್ಛೆಯನ್ನು ಕೇಳಿಟ್ಟುಕೊಳ್ಳಬೇಕು. ತೀರಿಕೊಂಡ ಮೇಲೆ ದಹನ ಮಾಡುವವರು ಯಂತ್ರವಿದೆ ಎಂದು ಆಸ್ಪತ್ರೆಗೂ ಚಿತಾಗಾರಕ್ಕೂ ಮುಂಚೆಯೇ ತಿಳಿಸಬೇಕು. ಬ್ಯಾಟರಿ ಬೆಂಕಿಯಲ್ಲಿ ಸ್ಫೋಟಿಸುವುದರಿಂದ ಅದನ್ನು ತೆಗೆಯಲೇಬೇಕು, ಮತ್ತು ತೆಗೆಯುವವರಿಗೆ ಶಾಕ್ ಹೊಡೆಯದಂತೆ ಅದಕ್ಕೂ ಮೊದಲು ಶಾಕ್ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಿರಬೇಕು.